ಹನ್ನೆರಡೂವರೆ ಸುತ್ತಿನ ಲೆಕ್ಕ

ಬೆಳಿಗ್ಗೆ ಆರಕ್ಕೆ ಮಂಗಳಾ ಕ್ರೀಡಾಂಗಣದ ಟ್ರ್ಯಾಕಿನ ಬದಿ ನಿಂತು ಕಾಲು ಗಂಟೆ ನೋಡಿದರೆ ಸಾಕು, ಊರಿನ ಓಟಗಾರರು ಎರಡು ಜಾತಿಯವರೆಂದು ಗೊತ್ತಾಗುತ್ತದೆ. ಒಂದು ಜಾತಿಯವರು ಹೊರಗಿನ ಲೇನಿನಲ್ಲಿ ಒಂದೇ ವೇಗದಲ್ಲಿ ಸುತ್ತುತ್ತಲೇ ಇರುತ್ತಾರೆ, ಗಡಿಯಾರದ ಮುಳ್ಳಿನ ಹಾಗೆ. ಇನ್ನೊಂದು ಜಾತಿಯವರು ಒಂದು ಸುತ್ತು ಬಿರುಸಾಗಿ ಓಡಿ, ಸೊಂಟಕ್ಕೆ ಕೈಕೊಟ್ಟು ನಿಂತು, ಉಸಿರು ಸಿಕ್ಕಿದ ಮೇಲೆ ಮತ್ತೆ ಹೊರಡುತ್ತಾರೆ. ಮೊದಲಿನವರಿಗೆ ಎರಡನೆಯವರು ಸುಮ್ಮನೆ ಕಾಲು ಮುರಿದುಕೊಳ್ಳುವವರಂತೆ ಕಾಣುತ್ತಾರೆ. ಎರಡನೆಯವರಿಗೆ ಮೊದಲಿನವರು ಎಷ್ಟು ಓಡಿದರೂ ಅಲ್ಲೇ ಇರುವವರು. ಐದು ಕಿಲೋಮೀಟರಿನ ಟೈಮಿಂಗ್ ಇಳಿಸಬೇಕೆನ್ನುವ ಕ್ಲಬ್ ಓಟಗಾರ ಯಾರ ಹಿಂದೆ ಹೋಗಬೇಕು ಎಂಬುದು ಇಲ್ಲಿನ ಪ್ರಶ್ನೆ.

ಸುಮ್ಮನೆ ತತ್ತ್ವ ಹೇಳುವುದಕ್ಕಿಂತ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಯಸ್ಸು 38, ಬ್ಯಾಂಕ್ ನೌಕರಿ, ಮನೆ ಬಿಜೈ ಕಡೆ. ಎರಡು ವರ್ಷದಿಂದ ವಾರಕ್ಕೆ ನಾಲ್ಕು ದಿನ ಓಡುತ್ತಾರೆ. ದಿನಕ್ಕೆ 6 ಕಿ.ಮೀ., ಅದಕ್ಕೆ 35 ನಿಮಿಷ. ಐದು ಕಿ.ಮೀ. ಸ್ಪರ್ಧೆಯಲ್ಲಿ ಮೊದಲ ವರ್ಷ 31 ನಿಮಿಷದಿಂದ 28ಕ್ಕೆ ಬಂದರು. ಆಮೇಲೆ 27 ನಿಮಿಷ 10 ಸೆಕೆಂಡಿಗೆ ಬಂದು ಅಲ್ಲೇ ಕೂತಿದ್ದಾರೆ. ಹೆಸರು ಬೇಡ, ಇಂಥವರು ಮಂಗಳೂರಿನ ಪ್ರತಿ ಓಟದ ಗುಂಪಿನಲ್ಲೂ ನಾಲ್ಕೈದು ಮಂದಿ ಸಿಗುತ್ತಾರೆ.

ಅವರ ತೊಂದರೆ ಶ್ರಮದ ಕೊರತೆಯಲ್ಲ. ಕಿಲೋಮೀಟರಿಗೆ 5 ನಿಮಿಷ 50 ಸೆಕೆಂಡ್ ಎನ್ನುವ ಅವರ ನಿತ್ಯದ ವೇಗವನ್ನು ನೋಡಿ. ಸ್ಪರ್ಧೆಯಲ್ಲಿ ಅವರು ಓಡುವುದು 5:26ರಲ್ಲಿ. ಅಂದರೆ ದಿನವೂ ಸ್ಪರ್ಧೆಗಿಂತ ಬರೀ 24 ಸೆಕೆಂಡ್ ನಿಧಾನ. ಇದು ಆಯಾಸ ಕೊಡುವಷ್ಟು ಜೋರು, ಆದರೆ ಹೃದಯದ ಮಿತಿಯನ್ನು ಮುಟ್ಟುವಷ್ಟು ಜೋರಲ್ಲ. ಇತ್ತ ದೇಹಕ್ಕೆ ವಿಶ್ರಾಂತಿಯೂ ಇಲ್ಲ, ಅತ್ತ ಹೊಸ ಬೇಡಿಕೆಯೂ ಇಲ್ಲ. ನಾಲ್ಕು ದಿನವೂ ಒಂದೇ ಸಾರು.

ನಿಧಾನ ಓಟದ ಕೆಲಸ ಏನು, ಬಿಟ್ಟುಬಿಟ್ಟು ಓಡುವುದರ ಕೆಲಸ ಏನು

ಐದು ಕಿ.ಮೀ. ನೋಡಲು ಚಿಕ್ಕ ಓಟ. ಆದರೂ ಅದಕ್ಕೆ ಬೇಕಾದ ಶಕ್ತಿಯ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಬರುವುದು ಆಮ್ಲಜನಕದಿಂದಲೇ. ಹಾಗಾಗಿ ಎರಡು ಸಂಗತಿ ಮುಖ್ಯವಾಗುತ್ತವೆ: ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ ಮತ್ತು ಆ ರಕ್ತ ತಂದ ಆಮ್ಲಜನಕವನ್ನು ಕಾಲಿನ ಸ್ನಾಯು ಎಷ್ಟು ಬಳಸಿಕೊಳ್ಳುತ್ತದೆ.

ನಿಧಾನದ ದೀರ್ಘ ಓಟ ಎರಡನೆಯದನ್ನು ಬೆಳೆಸುತ್ತದೆ. ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳು ಪೆಟ್ಟು ತಿಂದು ಗಟ್ಟಿಯಾಗುತ್ತವೆ. ಇವೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಸ್ನಾಯುರಜ್ಜು ಎಲ್ಲಕ್ಕಿಂತ ಸೋಮಾರಿ. ಉಸಿರು ಸುಧಾರಿಸಿದಷ್ಟು ಬೇಗ ಅದು ಸುಧಾರಿಸುವುದಿಲ್ಲ.

ಇಂಟರ್ವಲ್‌ನ ಗುರಿ ಮೊದಲನೆಯದರ ಮೇಲೆ. ದೇಹ ಬಳಸಬಲ್ಲ ಆಮ್ಲಜನಕದ ಮೇಲ್ಮಿತಿಯ ಹತ್ತಿರ ಹೃದಯವನ್ನು ಆದಷ್ಟು ಹೊತ್ತು ಇಡುವುದೇ ಅದರ ಉದ್ದೇಶ. ಆ ಮಟ್ಟದಲ್ಲಿ ಒಂದೇ ಸಮ ಓಡಿದರೆ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತೇವೆ. ಅದನ್ನೇ ತುಂಡು ಮಾಡಿ ನಡುವೆ ಉಸಿರಾಡಿಸಿದರೆ ಒಟ್ಟು ಹನ್ನೆರಡು, ಹದಿನೈದು ನಿಮಿಷ ಗಳಿಸಬಹುದು. ಇಲ್ಲೊಂದು ಸೂಕ್ಷ್ಮವಿದೆ. ಓಡಲು ಶುರುಮಾಡಿದ ಕೂಡಲೇ ಆಮ್ಲಜನಕದ ಬಳಕೆ ಮೇಲೇರುವುದಿಲ್ಲ. ತುದಿ ಮುಟ್ಟಲು ಒಂದೂವರೆ, ಎರಡು ನಿಮಿಷ ಹಿಡಿಯುತ್ತದೆ. ಆದ್ದರಿಂದ 200 ಮೀಟರ್ ಚಿಮ್ಮಿ ಮೂರು ನಿಮಿಷ ಹರಟೆ ಹೊಡೆದು ಮತ್ತೆ 200 ಮೀಟರ್ ಚಿಮ್ಮುವವರು ಕಾಲಿನ ಬಿರುಸು ಬೆಳೆಸಿಕೊಳ್ಳುತ್ತಾರೆಯೇ ಹೊರತು, ಐದು ಕಿ.ಮೀ.ಗೆ ಬೇಕಾದ ಜಾಗಕ್ಕೆ ಹೋಗುವುದೇ ಇಲ್ಲ. ಮೂರರಿಂದ ಐದು ನಿಮಿಷದ ತುಂಡುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ. 400 ಮೀಟರಿನ ತುಂಡೂ ಆಗುತ್ತದೆ, ಆದರೆ ನಡುವಿನ ವಿಶ್ರಾಂತಿ ಚಿಕ್ಕದಿರಬೇಕು.

ಇದನ್ನು ನೇರವಾಗಿ ಹೋಲಿಸಿ ನೋಡಿದ ಪ್ರಯೋಗವೊಂದು ನಾರ್ವೆಯಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. ಯಾನ್ ಹೆಲ್ಗೆರುಡ್ ಮತ್ತು ಜೊತೆಯವರು ನಲವತ್ತು ಗಂಡಸರನ್ನು ನಾಲ್ಕು ಗುಂಪು ಮಾಡಿ ಎಂಟು ವಾರ, ವಾರಕ್ಕೆ ಮೂರು ಸಲ ಓಡಿಸಿದರು. ಒಂದು ಗುಂಪಿಗೆ ನಿಧಾನದ ದೀರ್ಘ ಓಟ, ಒಂದಕ್ಕೆ ಅದಕ್ಕಿಂತ ಚುರುಕಾದ ಏಕವೇಗದ ಓಟ, ಒಂದಕ್ಕೆ 15 ಸೆಕೆಂಡ್ ಜೋರು 15 ಸೆಕೆಂಡ್ ನಿಧಾನ, ಕೊನೆಯ ಗುಂಪಿಗೆ ನಾಲ್ಕು ನಿಮಿಷದ ನಾಲ್ಕು ಜೋರು ಓಟ, ನಡುವೆ ಮೂರು ನಿಮಿಷ ಜಾಗಿಂಗ್. ಒಟ್ಟು ಕೆಲಸ ಎಲ್ಲರಿಗೂ ಸಮ ಇರುವಂತೆ ನೋಡಿಕೊಂಡಿದ್ದರು. ಎಂಟು ವಾರದ ಕೊನೆಗೆ ಇಂಟರ್ವಲ್ ಮಾಡಿದ ಎರಡು ಗುಂಪುಗಳಲ್ಲಿ ಆಮ್ಲಜನಕದ ಮೇಲ್ಮಿತಿ ಶೇಕಡಾ 5ರಿಂದ 7ರಷ್ಟು ಏರಿತ್ತು, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಸುಮಾರು ಶೇಕಡಾ 10 ಹೆಚ್ಚಿತ್ತು. ಏಕವೇಗದ ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ.

ಇದನ್ನು ಓದಿ ನಾಳೆಯಿಂದ ನಾಲ್ಕು ದಿನವೂ ಇಂಟರ್ವಲ್ ಎಂದು ಹೊರಡುವವರಿಗೆ ಒಂದು ಮಾತು. ಪ್ರಯೋಗ ಎಂಟೇ ವಾರದ್ದು, ಅಳೆದದ್ದು ಆಮ್ಲಜನಕವನ್ನು, ಐದು ಕಿ.ಮೀ. ಟೈಮಿಂಗನ್ನಲ್ಲ. ಅಲ್ಲಿ ಓಡಿದವರು ಈಗಾಗಲೇ ದೇಹ ಗಟ್ಟಿಯಿದ್ದವರು. ಎಂಟು ವಾರದಲ್ಲಿ ಸಿಗುವ ಏರಿಕೆ ಮುಂದಿನ ಎಂಟು ವಾರ ಅದೇ ಪ್ರಮಾಣದಲ್ಲಿ ಸಿಗುವುದಿಲ್ಲ. ಅಡಿಪಾಯ ಎಷ್ಟು ಅಗಲವೋ ಅಷ್ಟೇ ಎತ್ತರ.

ಇತಿಹಾಸವೂ ಅದನ್ನೇ ಹೇಳುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರಿನ ಚಿನ್ನ ಗೆದ್ದ ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 400 ಮೀಟರನ್ನು ಮತ್ತೆ ಮತ್ತೆ ಓಡಿಯೇ ಹೆಸರಾದವನು. ಎಂಟು ವರ್ಷದ ಬಳಿಕ ರೋಮ್‌ನಲ್ಲಿ ಅದೇ ಚಿನ್ನ ನ್ಯೂಜಿಲೆಂಡಿನ ಮರ್ರಿ ಹ್ಯಾಲ್‌ಬರ್ಗ್‌ಗೆ ಹೋಯಿತು. ಅವನ ಕೋಚ್ ಆರ್ಥರ್ ಲಿಡಿಯಾರ್ಡ್ ತಿಂಗಳುಗಟ್ಟಲೆ ವಾರಕ್ಕೆ ನೂರು ಮೈಲಿ ಓಡಿಸುತ್ತಿದ್ದವನು. ಎರಡು ವಿರುದ್ಧ ಪಂಥಗಳು ಎಂದು ಕೇಳಲು ಚೆನ್ನಾಗಿದೆ. ಹತ್ತಿರದಿಂದ ನೋಡಿದರೆ ಜಾಟೊಪೆಕ್ ತುಂಡು ತುಂಡಾಗಿ ಓಡಿದ ದೂರವೂ ರಾಶಿ ರಾಶಿಯೇ, ಲಿಡಿಯಾರ್ಡ್‌ನ ಹುಡುಗರೂ ಸ್ಪರ್ಧೆ ಹತ್ತಿರ ಬಂದಾಗ ಟ್ರ್ಯಾಕಿಗಿಳಿದು ಇಂಟರ್ವಲ್ ಓಡುತ್ತಿದ್ದರು.

ಹಾಗಾದರೆ ನನ್ನ ತೀರ್ಮಾನ ಇಷ್ಟು. ಓಡಲು ಶುರುಮಾಡಿ ಇನ್ನೂ ಆರು ತಿಂಗಳಾಗಿಲ್ಲ, ವಾರಕ್ಕೆ 15 ಕಿ.ಮೀ. ಕೂಡ ಆಗುತ್ತಿಲ್ಲ ಎನ್ನುವವರಿಗೆ ಇಂಟರ್ವಲ್ ಬೇಡ. ಅವರ ಟೈಮಿಂಗ್ ನಿಧಾನದ ಓಟ ಹೆಚ್ಚಿಸಿದರೆ ತಾನೇ ಇಳಿಯುತ್ತದೆ. ನಮ್ಮ ಬ್ಯಾಂಕಿನವರ ಹಾಗೆ ಎರಡು ವರ್ಷ ಓಡಿ ಒಂದೇ ಕಡೆ ನಿಂತವರಿಗೆ ವಾರಕ್ಕೆ ಒಂದು ದಿನ ಇಂಟರ್ವಲ್ ಬೇಕು. ಮಿಕ್ಕ ದಿನಗಳ ಓಟ ಈಗಿರುವುದಕ್ಕಿಂತ ನಿಧಾನವಾಗಬೇಕು. ಎರಡನೆಯ ಭಾಗವೇ ಜನರಿಗೆ ಒಪ್ಪಿಗೆಯಾಗದೆ ಉಳಿಯುವುದು.

ಎಂಟು ವಾರ

27:10 ಎಂದರೆ ಟ್ರ್ಯಾಕಿನ ಒಂದು ಸುತ್ತಿಗೆ 2 ನಿಮಿಷ 10 ಸೆಕೆಂಡ್. ಎಂಟು ವಾರದಲ್ಲಿ 25 ನಿಮಿಷ ಎಂದು ಕನಸು ಕಟ್ಟುವುದು ಬೇಡ; 26ರ ಆಸುಪಾಸು ಸಮಂಜಸ. 26ಕ್ಕೆ ಸುತ್ತಿಗೆ 2:05 ಬೇಕು. ಹಾಗಾಗಿ ಇಂಟರ್ವಲ್ ದಿನದ ಎಲ್ಲ ಲೆಕ್ಕವೂ 2:05ರಿಂದ 2:08ರ ನಡುವೆ ಇರುತ್ತದೆ. ಅದಕ್ಕಿಂತ ಬೇಗ ಓಡಲು ಬಂದರೂ ಓಡಬಾರದು.

ವಾರಕ್ಕೆ ನಾಲ್ಕು ದಿನ ಇದ್ದದ್ದು ನಾಲ್ಕೇ ಇರಲಿ. ಮಂಗಳವಾರ ಟ್ರ್ಯಾಕ್. ಗುರುವಾರ 6 ಕಿ.ಮೀ. ನಿಧಾನ. ಶನಿವಾರ 5 ಕಿ.ಮೀ. ನಿಧಾನ. ಭಾನುವಾರ 8 ಕಿ.ಮೀ.ಯಿಂದ ಶುರುಮಾಡಿ ಆರನೇ ವಾರದ ಹೊತ್ತಿಗೆ 11ಕ್ಕೆ ಏರುವ ದೀರ್ಘ ಓಟ, ಅದೂ ನಿಧಾನ. ನಿಧಾನ ಎಂದರೆ ಇವರಿಗೆ ಕಿಲೋಮೀಟರಿಗೆ 6:45ರಿಂದ 7:10. ಪಕ್ಕದಲ್ಲಿ ಓಡುವವರೊಡನೆ ತುಳುವಿನಲ್ಲಿ ಪೂರಾ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. "ಅಂದ್, ಇಜ್ಜಿ" ಎರಡೇ ಪದ ಹೊರಡುತ್ತಿದ್ದರೆ ಜೋರಾಗಿದೆ ಎಂದರ್ಥ.

ಮಂಗಳವಾರ ಮೊದಲು ಹತ್ತು ಹನ್ನೆರಡು ನಿಮಿಷ ಹಗುರ ಓಟ, ಕಾಲು ತೂಗುವ ವ್ಯಾಯಾಮ, ಆಮೇಲೆ 80 ಮೀಟರಿನಷ್ಟು ದೂರವನ್ನು ಕ್ರಮೇಣ ವೇಗ ಏರಿಸುತ್ತಾ ನಾಲ್ಕು ಸಲ. ಇದನ್ನು ಬಿಟ್ಟು ನೇರ ಇಂಟರ್ವಲ್‌ಗೆ ಇಳಿದರೆ ಮೊದಲ ಎರಡು ತುಂಡುಗಳೇ ವಾರ್ಮ್‌ಅಪ್ ಆಗಿಬಿಡುತ್ತವೆ. ಮೊದಲ ಎರಡು ವಾರ 400 ಮೀಟರ್ ಆರು ಸಲ, ಒಂದೊಂದೂ 2:05ರಿಂದ 2:08. ನಡುವೆ ಅರ್ಧ ಸುತ್ತು ತೀರಾ ಹಗುರವಾಗಿ ಓಡಬೇಕು, ಒಂದೂವರೆ ನಿಮಿಷ ಆಗುತ್ತದೆ. ಮೂರು ಮತ್ತು ನಾಲ್ಕನೇ ವಾರ 800 ಮೀಟರ್ ನಾಲ್ಕು ಸಲ, 4:12ರಿಂದ 4:16ರಲ್ಲಿ; ನಡುವೆ ಒಂದು ಸುತ್ತು ಹಗುರ ಓಟ, ಸುಮಾರು ಮೂರು ನಿಮಿಷ. ಐದನೇ ವಾರ 1,000 ಮೀಟರ್ ಮೂರು ಸಲ, 5:15ರ ಸುತ್ತಮುತ್ತ, ನಡುವೆ ಮೂರು ನಿಮಿಷ. ಆರು ಮತ್ತು ಏಳನೇ ವಾರ ಅದೇ 1,000 ಮೀಟರ್ ನಾಲ್ಕು ಸಲ. ಎಂಟನೇ ವಾರ ಸ್ಪರ್ಧೆಗೆ ನಾಲ್ಕೈದು ದಿನ ಮುಂಚೆ 400 ಮೀಟರ್ ನಾಲ್ಕೇ ಸಲ ಓಡಿ ಮನೆಗೆ ಹೋಗಬೇಕು.

ಗಮನಿಸಿ, ವಾರಗಳು ಕಳೆದ ಹಾಗೆ ತುಂಡು ಉದ್ದವಾಗುತ್ತದೆ, ವೇಗ ಏರುವುದಿಲ್ಲ. ಹೆಚ್ಚಿನವರು ಇದನ್ನೇ ತಿರುಗಿಸುತ್ತಾರೆ: ಪ್ರತಿ ವಾರ 400ರ ಟೈಮಿಂಗ್ ಎರಡು ಸೆಕೆಂಡ್ ಇಳಿಸಿ ಖುಷಿಪಡುತ್ತಾರೆ, ಐದು ಕಿ.ಮೀ. ಮಾತ್ರ ಹಾಗೇ ಉಳಿಯುತ್ತದೆ. ಜೋರು ಓಟದ ಪಾಲು ವಾರದ ಒಟ್ಟು ದೂರದ ಹತ್ತರಲ್ಲೊಂದರ ಸುತ್ತ ಇರಲಿ. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ಇಟ್ಟ ಮಿತಿ ಇನ್ನೂ ಬಿಗಿ, ಶೇಕಡಾ 8. ನಮ್ಮವರು ನಾಲ್ಕು ಸಲ 1,000 ಓಡುವ ವಾರಗಳಲ್ಲಿ ಹತ್ತರಲ್ಲೊಂದನ್ನು ಚೆನ್ನಾಗಿಯೇ ದಾಟುತ್ತಾರೆ, ಅದಕ್ಕೇ ಅಂಥ ವಾರಗಳು ಎರಡೇ.

ಆರನೇ ವಾರದಿಂದ ಶನಿವಾರದ ನಿಧಾನ ಓಟದೊಳಗೆ ಬೇಕಿದ್ದರೆ ಇನ್ನೊಂದು ಬಗೆಯ ಏಕವೇಗವನ್ನು ಸೇರಿಸಬಹುದು: ನಡುವಿನ 15 ನಿಮಿಷ 5:40ರ ವೇಗ. ಒಂದು ಗಂಟೆ ಹೊತ್ತು ಹೇಗೋ ತಾಳಿಕೊಳ್ಳಬಹುದಾದ ವೇಗ ಅದು. ಇದು ಅವರ ಹಳೆಯ 5:50ಕ್ಕೆ ಹತ್ತಿರವೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಹೌದು. ಆ ವೇಗ ಕೆಟ್ಟದ್ದಲ್ಲ; ವಾರಕ್ಕೆ ನಾಲ್ಕು ದಿನ ಅದೊಂದನ್ನೇ ಓಡುವುದು ಕೆಟ್ಟದ್ದು.

ಸರಿಯಾಗಿದೆಯೇ ಎಂದು ತಿಳಿಯುವುದು

ಇಂಟರ್ವಲ್‌ನಲ್ಲಿ ನೋಡಬೇಕಾದ್ದು ಅತಿ ವೇಗದ ಸುತ್ತನ್ನಲ್ಲ, ಮೊದಲ ಮತ್ತು ಕೊನೆಯ ಸುತ್ತಿನ ಅಂತರವನ್ನು. ಆರು ಸಲ 400 ಓಡಿದವರ ಕಾಗದದಲ್ಲಿ 1:55, 1:59, 2:04, 2:10, 2:14, 2:17 ಎಂದಿದ್ದರೆ ಅವರು ಒಂದು ಓಟವನ್ನು ಓಡಿ ಸೋತಿದ್ದಾರೆ, ಅಭ್ಯಾಸ ಆಗಿಲ್ಲ. 2:07, 2:06, 2:07, 2:06, 2:06, 2:05 ಎಂದಿದ್ದು, ಇನ್ನೊಂದು ಓಡು ಎಂದರೆ ಓಡಿಯೇನು ಎನ್ನುವಂತಿದ್ದರೆ ಅದು ಒಳ್ಳೆಯ ಮಂಗಳವಾರ. ಕೊನೆಯ ತುಂಡು ಮೊದಲಿನದಕ್ಕಿಂತ ಐದಾರು ಸೆಕೆಂಡ್ ಹಿಂದೆ ಬಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಮುಂದಿನದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಲೆಕ್ಕ ತಪ್ಪುವುದಕ್ಕೆ ಇನ್ನೊಂದು ಕಾರಣ ಲೇನು. 400 ಮೀಟರ್ ಎನ್ನುವುದು ಒಳಗಿನ ಮೊದಲ ಲೇನಿಗೆ ಮಾತ್ರ. ಹೊರಗೆ ಹೋದ ಹಾಗೆ ಲೇನಿಗೆ ಏಳೂಚಿಲ್ಲರೆ ಮೀಟರ್ ಕೂಡುತ್ತಾ ಹೋಗುತ್ತದೆ. ನಾಲ್ಕನೇ ಲೇನಿನಲ್ಲಿ ಒಂದು ಸುತ್ತು ಸುಮಾರು 422 ಮೀಟರ್. ಆ 22 ಮೀಟರಿಗೆ ಏಳು ಸೆಕೆಂಡ್ ಬೇಕು. ಮೊದಲ ಲೇನು ದೊಡ್ಡ ಹುಡುಗರ ಅಭ್ಯಾಸಕ್ಕೆ ಹೋದ ದಿನ ಹೊರಗಿನ ಲೇನಿನಲ್ಲಿ ಓಡಿ ಟೈಮಿಂಗ್ ಕೆಟ್ಟಿತು ಎಂದು ಕೊರಗುವವರನ್ನು ನೋಡಿದ್ದೇನೆ. ಕೈಯ ಜಿಪಿಎಸ್ ವಾಚನ್ನೂ ಟ್ರ್ಯಾಕಿನಲ್ಲಿ ಪೂರ್ತಿ ನಂಬಬೇಡಿ, ತಿರುವುಗಳಲ್ಲಿ ಅದು ತನ್ನದೇ ದಾರಿ ಹಿಡಿಯುತ್ತದೆ. ಗೆರೆ ದಾಟುವಾಗ ಗುಂಡಿ ಒತ್ತಿ ಸುತ್ತು ಎಣಿಸುವುದೇ ಸರಿ. 2015ರಲ್ಲಿ ಫೆಡರೇಷನ್ ಕಪ್ ರಾಷ್ಟ್ರೀಯ ಕೂಟ ನಡೆದ ಟ್ರ್ಯಾಕ್ ಇದು. ಗೆರೆಗಳ ಅಳತೆಯಲ್ಲಿ ಅನುಮಾನ ಬೇಡ.

ಕಾಲಿನ ಸೂಚನೆಗಳು ಇನ್ನೂ ಸ್ಪಷ್ಟ. ಇಂಟರ್ವಲ್ ಶುರುವಾದ ಎರಡು ಮೂರು ವಾರಕ್ಕೆ ಕಣಕಾಲಿನ ಒಳಬದಿಯ ಮೂಳೆಯ ಅಂಚಿನಲ್ಲಿ, ಒತ್ತಿದರೆ ಒಂದು ಗೇಣುದ್ದ ನೋವು ಕಂಡರೆ ಕೆಲಸ ಹೆಚ್ಚಾಯಿತೆಂದು ಅರ್ಥ; ಒಂದು ವಾರ ಟ್ರ್ಯಾಕ್ ಬಿಟ್ಟು ನಿಧಾನ ಓಟವಷ್ಟೇ ಇರಲಿ. ನೋವು ಬೆರಳ ತುದಿಯಷ್ಟು ಜಾಗದಲ್ಲೇ ನಿಂತು, ನಡೆಯುವಾಗಲೂ ಕಾಡಿದರೆ ಅದು ಮೂಳೆಯ ಬಿರುಕಿರಬಹುದು, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಿಗಿದುಕೊಂಡರೆ ಅದೂ ಎಚ್ಚರಿಕೆಯೇ. ನಲವತ್ತು ದಾಟಿದವರು, ಸಕ್ಕರೆ ಅಥವಾ ಬಿಪಿ ಇರುವವರು, ಓಡುವಾಗ ಎದೆ ಹಿಡಿದುಕೊಂಡ ಅನುಭವ ಇರುವವರು ಮೊದಲ ಇಂಟರ್ವಲ್‌ಗೆ ಮುಂಚೆಯೇ ವೈದ್ಯರನ್ನು ಕಾಣಬೇಕು.

ನಮ್ಮೂರ ಸೆಕೆ, ನಮ್ಮೂರ ಗುಡ್ಡ

ಪುಸ್ತಕದ ವೇಗಗಳೆಲ್ಲ ತಂಪು ದೇಶದವರು ಬರೆದದ್ದು. ಮಂಗಳೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೂ ಅಂಗಿ ಮೈಗೆ ಅಂಟಿರುತ್ತದೆ. ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಆರಿದರೆ ತಂಪಾಗುತ್ತದೆ. ತೇವ ತುಂಬಿದ ಗಾಳಿಯಲ್ಲಿ ಅದು ಆರುವುದೇ ಇಲ್ಲ. ಆಗ ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ನಿಧಾನ ಓಟದಲ್ಲೇ ಇದು ಗೊತ್ತಾಗುತ್ತದೆ: ಒಂದೇ ವೇಗದಲ್ಲಿ ನಲವತ್ತು ನಿಮಿಷ ಓಡಿದರೆ ಕೊನೆಯ ಹತ್ತು ನಿಮಿಷ ಎದೆಬಡಿತ ಮೊದಲಿಗಿಂತ ಹತ್ತು ಹದಿನೈದು ಹೆಚ್ಚು ತೋರಿಸುತ್ತದೆ. ಹೀಗಾಗಿ ಸೆಕೆಗಾಲದಲ್ಲಿ 7:00ರ ನಿಧಾನ 7:30 ಆದರೆ ಅದು ಹಿನ್ನಡೆಯಲ್ಲ. ನಿಲ್ಲದೆ ಓಡುವ ಏಕವೇಗದ ಓಟಕ್ಕೇ ಸೆಕೆಯ ಏಟು ಜಾಸ್ತಿ. ಇಂಟರ್ವಲ್‌ನ ನಡುನಡುವೆ ತಲೆಗೆ ನೀರು ಹೊಯ್ದುಕೊಳ್ಳಲಾದರೂ ಬಿಡುವಿದೆ. ಆ ದಿನಗಳಲ್ಲಿ ವಿಶ್ರಾಂತಿ ಅರ್ಧ ನಿಮಿಷ ಹೆಚ್ಚಿಸಿ, ತುಂಡುಗಳಲ್ಲಿ ಒಂದನ್ನು ಕಡಿಮೆ ಮಾಡಿ. ಚಳಿ ಹಿಡಿದ ಹಾಗೆ ಮೈ ಜುಮ್ಮೆಂದರೆ ಅಥವಾ ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಹೋಗಬೇಕು. ಆಮೇಲೆ ಬೊಂಡ ಕುಡಿಯಬಹುದು, ಅದು ಓಟದ ಮುಂಚಿನ ನೀರಿಗೆ ಬದಲಲ್ಲ.

ನಿಧಾನ ಓಟ ನಿಧಾನವಾಗದಿರಲು ಇನ್ನೊಂದು ಕಾರಣ ಈ ಊರಿನ ಮುರಕಲ್ಲು ಗುಡ್ಡಗಳು. ಬಿಜೈಯಿಂದ ಕದ್ರಿ ಕಡೆ ಹೊರಟರೆ ಏರಿನಲ್ಲೂ ಅದೇ ವೇಗ ಕಾಯಬೇಕೆಂದು ಜನ ಒದ್ದಾಡುತ್ತಾರೆ. ಅಲ್ಲಿಗೆ ನಿಧಾನ ಓಟ ಗುಟ್ಟಾಗಿ ಇಂಟರ್ವಲ್ ಆಗಿರುತ್ತದೆ. ಏರಿನಲ್ಲಿ ಉಸಿರನ್ನು ಸಮ ಇಡಿ, ವೇಗ ಎಷ್ಟಾದರೂ ಬೀಳಲಿ, ಬೇಕಿದ್ದರೆ ನಡೆಯಿರಿ. ಭಾನುವಾರದ ದೀರ್ಘ ಓಟಕ್ಕೆ ತಣ್ಣೀರುಬಾವಿ ಕಡೆಯ ಸಮತಟ್ಟು ರಸ್ತೆ ಒಳ್ಳೆಯದು. ಪಣಂಬೂರು ಕಡಲತೀರದಲ್ಲಿ ಓಡುವವರು ನೀರು ಇಳಿದ ಹೊತ್ತು ನೋಡಿ ಗಟ್ಟಿ ಮರಳನ್ನು ಹಿಡಿಯಲಿ. ಆ ಮರಳು ಕಡಲಿನ ಕಡೆಗೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಸೊಂಟದ ಒಂದೇ ಬದಿಗೆ ಭಾರ ಬೀಳುತ್ತದೆ, ಹೋದಷ್ಟೇ ದೂರ ಅದೇ ದಾರಿಯಲ್ಲಿ ಮರಳಬೇಕು.

ಮಳೆಗಾಲದಲ್ಲಿ ಟ್ರ್ಯಾಕು ಒದ್ದೆಯಿದ್ದರೂ ಓಡಬಹುದು, ಪಾಚಿ ಕಟ್ಟಿದ ಗಲ್ಲಿಗಳಲ್ಲಿ ಓಡಬಾರದು. ಗುಡುಗು ಕೇಳಿದರೆ ಬಯಲಲ್ಲಿ ನಿಲ್ಲಬಾರದು. ಅಂಥ ದಿನ ಜಿಮ್ಮಿನ ಟ್ರೆಡ್‌ಮಿಲ್ಲಿನಲ್ಲಿ ಶೇಕಡಾ 1ರ ಏರು ಇಟ್ಟು ನಾಲ್ಕು ನಿಮಿಷದ ತುಂಡುಗಳನ್ನು ಓಡಿದರೆ ಆ ವಾರದ ಮಂಗಳವಾರ ಕೈತಪ್ಪುವುದಿಲ್ಲ. ಜೂನ್, ಜುಲೈಯನ್ನು ನಿಧಾನ ಓಟಕ್ಕೆ ಮೀಸಲಿಟ್ಟು, ಇಂಟರ್ವಲ್‌ನ ಎಂಟು ವಾರವನ್ನು ಸೆಪ್ಟೆಂಬರ್ ಮಧ್ಯದಿಂದ ಹಿಡಿದರೆ ಮಂಗಳೂರು ಮ್ಯಾರಥಾನಿನ ನವೆಂಬರಿಗೆ ಲೆಕ್ಕ ಕೂಡಿಬರುತ್ತದೆ. ಅಲ್ಲಿ ಐದು ಕಿ.ಮೀ. ಓಟವೂ ಇರುತ್ತದೆ. ಆದರೆ ಗುಂಪಿನ ನೂಕುನುಗ್ಗಲು, ರಸ್ತೆಯ ಏರಿಳಿತ ಎರಡೂ ಇರುವುದರಿಂದ ಎಂಟು ವಾರದ ಫಲ ತಿಳಿಯಲು ಟ್ರ್ಯಾಕಿನ ಓಟವೇ ಮೇಲು.

ಎಂಟನೇ ವಾರದ ಕೊನೆಗೆ ಹೊರಡುವುದು ಮುಕ್ತಾಯದ ಗೆರೆಯಿಂದಲ್ಲ, ಅದರ ಎದುರಿನ 200 ಮೀಟರ್ ಗೆರೆಯಿಂದ. ಅರ್ಧ ಸುತ್ತು, ಆಮೇಲೆ ಹನ್ನೆರಡು. ಮೊದಲ ಅರ್ಧ ಸುತ್ತಿಗೆ 1:03 ಬಂದರೆ ಸಾಕು, 55 ಸೆಕೆಂಡ್ ಬಂದರೆ ತಪ್ಪಿದೆ, ತಕ್ಷಣ ತಗ್ಗಿಸಬೇಕು. ಆರನೇ ಸುತ್ತಿನವರೆಗೆ 2:05, 2:06 ಕಾಯ್ದುಕೊಂಡು ಹೋಗಿ. ಎಂಟು, ಒಂಬತ್ತನೇ ಸುತ್ತಿನಲ್ಲಿ ಯಾರಿಗೂ ಹೇಳದೆ ವೇಗ ಜಾರುತ್ತದೆ; ನಾಲ್ಕು ಸಲ 1,000 ಓಡಿದ ಆ ಎರಡು ಮಂಗಳವಾರಗಳು ನೆನಪಾಗಬೇಕಾದ್ದು ಅಲ್ಲಿ. ಪ್ರತಿ ಸುತ್ತೂ ಸರಿಯಾಗಿ 2:05ಕ್ಕೆ ಓಡಿದರೆ ಗಡಿಯಾರ ತೋರಿಸುವುದು 26 ನಿಮಿಷ 2 ಸೆಕೆಂಡ್. ಆ ಎರಡು ಸೆಕೆಂಡನ್ನು ಕೊನೆಯ ಇನ್ನೂರು ಮೀಟರಿನಲ್ಲಿ ಕಸಿಯಬೇಕು.